ಒಂಬತ್ತನೇ ವಾರದಲ್ಲಿ ಗರ್ಭ ಹೋಯಿತು: ನನಗೆ ಅಳು ನಿಲ್ಲುತ್ತಿಲ್ಲ, ನಮ್ಮ ಮನೆಯವರು ಅತ್ತೇ ಇಲ್ಲ

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಮದುವೆಯಾಗಿ ಕೆಲವು ವರ್ಷಗಳ ನಂತರ ಮೊದಲ ಬಾರಿಗೆ ಬಸಿರಾಗಿದ್ದೆ. ಆರೂವರೆ ವಾರದ ಸ್ಕ್ಯಾನಿಂಗ್‌ನಲ್ಲಿ ಎದೆಬಡಿತ ಕಂಡಿತ್ತು. ಒಂಬತ್ತು ವಾರ ತುಂಬಿದ ಮೇಲೆ ಮತ್ತೆ ಹೋದಾಗ ಡಾಕ್ಟರು ಬಹಳ ಹೊತ್ತು ಮಾತನಾಡದೆ ಪರದೆಯನ್ನೇ ನೋಡುತ್ತಿದ್ದು, ಆಮೇಲೆ ಎಂಟು ವಾರದ ಆಸುಪಾಸಿನಲ್ಲಿ ಬೆಳವಣಿಗೆ ನಿಂತಿದೆ, ಬಡಿತವಿಲ್ಲ ಎಂದರು. ನನಗೆ ರಕ್ತ ಹೋಗಿರಲಿಲ್ಲ, ಹೊಟ್ಟೆ ನೋವೂ ಇರಲಿಲ್ಲ. ಆ ದಿನ ಬೆಳಿಗ್ಗೆ ಕೂಡ ಒಗ್ಗರಣೆಯ ವಾಸನೆಗೆ ವಾಕರಿಕೆ ಬಂದಿತ್ತು. ಹಾಗಾಗಿ ಅವರು ಹೇಳುತ್ತಿರುವುದು ನನ್ನ ಹೊಟ್ಟೆಯ ವಿಷಯವೆಂದು ಒಪ್ಪಿಕೊಳ್ಳುವುದಕ್ಕೇ ಆಗಲಿಲ್ಲ.

ತಾನಾಗಿ ಹೋಗಲೆಂದು ಕಾಯಬಹುದು, ಮಾತ್ರೆ ತೆಗೆದುಕೊಳ್ಳಬಹುದು, ಇಲ್ಲವೇ ಕ್ಲೀನ್ ಮಾಡಿಸಬಹುದು ಎಂದು ಮೂರು ದಾರಿ ಹೇಳಿದರು. ನಮ್ಮ ಮನೆಯವರು ಕೇಳಿದ ಮೊದಲ ಪ್ರಶ್ನೆ, 'ಇವಳಿಗೆ ಅಪಾಯ ಕಡಿಮೆ ಯಾವುದರಲ್ಲಿ?' ಎಂಬುದು. ಮರುದಿನ ಬೆಳಿಗ್ಗೆಯೇ ಕ್ಲೀನಿಂಗ್ ಆಗಿಹೋಯಿತು. ನಾನೂ ಸಹಿ ಹಾಕಿದ್ದೇನೆ, ಆದರೆ ಏನನ್ನು ಓದಿ ಸಹಿ ಹಾಕಿದೆನೆಂದು ಕೇಳಿದರೆ ಹೇಳಲಾರೆ. ಇನ್ನೊಂದು ವಾರ ಕಾದು ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿದ್ದರೆ ಬಡಿತ ಕಾಣುತ್ತಿತ್ತೋ ಏನೋ ಎಂಬ ಯೋಚನೆ ರಾತ್ರಿಯೆಲ್ಲ ಕೊರೆಯುತ್ತದೆ.

ಇದಾಗಿ ಎರಡು ತಿಂಗಳಾಗುತ್ತ ಬಂತು. ಅವರು ಬಿಲ್ ಕಟ್ಟಿದರು, ಔಷಧಿ ತಂದರು, ಅತ್ತೆಗೆ ಫೋನ್ ಮಾಡಿ 'ಆಗಿಹೋಯಿತಮ್ಮ, ಅವಳು ಆರಾಮಾಗಿದ್ದಾಳೆ' ಎಂದರು, ವಾರ ಕಳೆಯುವ ಮೊದಲೇ ಭದ್ರಾವತಿಯ ಕೆಲಸಕ್ಕೆ ಹೊರಟರು. ನಾನು ಆಸ್ಪತ್ರೆಯಿಂದ ಬಂದ ದಿನ ಅಡುಗೆಮನೆಯ ಕಪಾಟಿನಲ್ಲಿದ್ದ ಫೋಲಿಕ್ ಆಸಿಡ್ ಮಾತ್ರೆಯ ಪಟ್ಟಿ ಅಲ್ಲಿರಲಿಲ್ಲ. ಅದರ ಪಕ್ಕದಲ್ಲಿದ್ದ ಜೇನುತುಪ್ಪದ ಬಾಟಲಿಯನ್ನು ಸರಿಸಿ ಆ ಜಾಗವನ್ನೂ ತುಂಬಿಸಿದ್ದರು. ಒಂದು ದಿನವೂ ಅವರ ಕಣ್ಣಲ್ಲಿ ನೀರು ಕಾಣಲಿಲ್ಲ. ಮೊನ್ನೆ 'ಮುಂದಿನ ತಿಂಗಳು ಮತ್ತೆ ಪ್ರಯತ್ನಿಸೋಣವಾ?' ಎಂದು ಕೇಳಿದಾಗ, ಈ ಮನುಷ್ಯನಿಗೆ ಏನೂ ಆಗಿಯೇ ಇಲ್ಲವೇ ಎಂದು ಎದೆ ಒಡೆದುಹೋಯಿತು.

ನಾವು ಅವಸರ ಮಾಡಿದೆವೇ? ಅವರಿಗೆ ನಿಜವಾಗಿಯೂ ದುಃಖವಿಲ್ಲವೇ? ಇದೇ ದಾರಿಯಲ್ಲಿ ಹೋದವರು ದಯವಿಟ್ಟು ತಿಳಿಸಿ.

ನಿವೃತ್ತ ಸಿಸ್ಟರ್ (ಮೈಸೂರು)

ತಂಗೀ, ನಿನ್ನ ಮೊದಲನೇ ಪ್ರಶ್ನೆಗೆ ಉತ್ತರ ನಿನ್ನ ಮನೆಯಲ್ಲಿರುವ ಸ್ಕ್ಯಾನಿಂಗ್ ವರದಿಯಲ್ಲೇ ಇದೆ. ಹೆರಿಗೆ ವಾರ್ಡಿನಲ್ಲಿ ನನ್ನ ಇಡೀ ನೌಕರಿ ಕಳೆದಿದೆ. ಈ ಅನುಮಾನವನ್ನು ಎದೆಯಲ್ಲಿಟ್ಟುಕೊಂಡು ವರ್ಷಗಟ್ಟಲೆ ಕೊರಗಿದ ಹೆಣ್ಣುಮಕ್ಕಳನ್ನು ಕಂಡಿದ್ದೇನೆ. ವರದಿಯಲ್ಲಿ ಸಿ.ಆರ್.ಎಲ್. ಎಂಬ ಸಾಲನ್ನು ಹುಡುಕು. ಅದು ಭ್ರೂಣದ ತಲೆಯಿಂದ ಪೃಷ್ಠದವರೆಗಿನ ಅಳತೆ, ಮಿಲಿಮೀಟರಿನಲ್ಲಿ ಇರುತ್ತದೆ. ಒಳಗಿನಿಂದ ಮಾಡುವ ಸ್ಕ್ಯಾನಿಂಗ್‌ನಲ್ಲಿ ಈ ಅಳತೆ 7 ಮಿ.ಮೀ. ದಾಟಿಯೂ ಬಡಿತ ಕಾಣದಿದ್ದರೆ ಗರ್ಭ ನಿಂತಿದೆ ಎಂದು ತೀರ್ಮಾನಿಸುತ್ತಾರೆ. ಅದಕ್ಕಿಂತ ಚಿಕ್ಕದಿದ್ದರೆ ದಿನದ ಲೆಕ್ಕ ಹಿಂದುಮುಂದಾಗಿರಬಹುದು, ಆದ್ದರಿಂದ ಒಂದರಿಂದ ಎರಡು ವಾರ ಬಿಟ್ಟು ಮತ್ತೆ ನೋಡುತ್ತಾರೆ. ಏನೂ ಅವಸರವಿಲ್ಲದೆ ಆ ಸಂಖ್ಯೆಯನ್ನು ನೋಡಿ ಇಲ್ಲಿ ಬರೆ.

ರಕ್ತವೂ ಇಲ್ಲ, ನೋವೂ ಇಲ್ಲ, ವಾಕರಿಕೆ ಮಾತ್ರ ಇತ್ತು ಎಂದೆಯಲ್ಲ, ಈ ಬಗೆಯಲ್ಲಿ ಅದು ಹಾಗೆಯೇ ಇರುತ್ತದೆ. ಭ್ರೂಣದ ಬೆಳವಣಿಗೆ ನಿಂತರೂ ಮಾಸು ಆಗಲಿರುವ ಅಂಗಾಂಶ ಇನ್ನೂ ಕೆಲವು ದಿನ, ಕೆಲವೊಮ್ಮೆ ವಾರಗಳ ಕಾಲ ಹಾರ್ಮೋನು ತಯಾರಿಸುತ್ತ ಹೋಗುತ್ತದೆ. ಮೈಗೆ ಸುದ್ದಿ ತಡವಾಗಿ ಮುಟ್ಟುತ್ತದೆ. ಕ್ಲೀನ್ ಆದ ಮೇಲೂ ಮೂರು ನಾಲ್ಕು ವಾರ ಮೂತ್ರ ಪರೀಕ್ಷೆಯ ಪಟ್ಟಿಯಲ್ಲಿ ಎರಡು ಗೆರೆ ಬರುವುದುಂಟು, ಎದೆ ಭಾರವಾಗಿಯೇ ಇರುವುದುಂಟು. ನಿನ್ನ ಮೈ ಗರ್ಭಿಣಿಯೆಂದು ಹೇಳುತ್ತಿದ್ದಾಗ ನಿನ್ನ ಗಂಡನ ಮೈ ಅವನಿಗೆ ಏನನ್ನೂ ಹೇಳುತ್ತಿರಲಿಲ್ಲ. ಅವನ ಪಾಲಿಗೆ ಮಗು ಎಂದರೆ ಒಂದು ಸ್ಕ್ಯಾನಿಂಗ್‌ನಲ್ಲಿ ಕಂಡ ಮಿಣುಕು, ನಿನ್ನ ಪಾಲಿಗೆ ಬೆಳಗಿನಿಂದ ರಾತ್ರಿಯವರೆಗೆ ಜೊತೆಗಿದ್ದ ಜೀವ. ಇಬ್ಬರೂ ಒಂದೇ ದಿನ ಕಳೆದುಕೊಂಡಿರಿ, ಆದರೆ ಕಳೆದುಕೊಂಡದ್ದು ಒಂದೇ ಬಗೆಯದ್ದಲ್ಲ.

ಕಡಲೂರಿನವ (ಕುಂದಾಪುರ)

ಸಹೋದರಿ, ನಿಮ್ಮ ಯಜಮಾನರನ್ನು ತಪ್ಪಾಗಿ ತಿಳಿಯಬೇಡಿ. ಗಂಡಸರ ಮನಸ್ಸೇ ಬೇರೆ. ನಾವು ಕೆಲಸ ಮಾಡುತ್ತ ಮರೆಯುತ್ತೇವೆ, ಹೆಂಗಸರು ಮಾತನಾಡುತ್ತ ಮರೆಯುತ್ತಾರೆ. ಪ್ರಕೃತಿಯೇ ಹೀಗೆ ಮಾಡಿಟ್ಟಿದೆ. ಅವರನ್ನು ಅವರ ಪಾಡಿಗೆ ಬಿಡಿ, ಕೆಣಕಬೇಡಿ. ಇನ್ನೊಂದು ಮಾತು: ಗರ್ಭ ಹೋದ ಮೇಲೆ ಆರು ತಿಂಗಳು ಕಡ್ಡಾಯವಾಗಿ ಕಾಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ, ಆದ್ದರಿಂದ ಮುಂದಿನ ತಿಂಗಳ ಮಾತನ್ನು ಈಗಲೇ ಎತ್ತುವ ಅಗತ್ಯವೂ ಇಲ್ಲ. ಅಷ್ಟರಲ್ಲಿ ಎಲ್ಲವೂ ಸರಿಹೋಗುತ್ತದೆ.

ಕೋರಮಂಗಲದಿಂದ

ಕಡಲೂರಿನವರೇ, ನಮ್ಮ ಮನೆಯಲ್ಲಿ ಆದದ್ದು ಇದಕ್ಕೆ ಪೂರ್ತಿ ವಿರುದ್ಧ. ಹತ್ತನೇ ವಾರದಲ್ಲಿ ನನಗೆ ಗರ್ಭ ಹೋದಾಗ ಆ ವಾರವೇ ಲ್ಯಾಪ್‌ಟಾಪ್ ತೆರೆದು ಕುಳಿತವಳು ನಾನು. ಮೀಟಿಂಗ್ ತಪ್ಪಿಸಲಿಲ್ಲ, ಬಿಡುವು ಸಿಕ್ಕರೆ ಬೀರು ಅಡುಗೆಮನೆ ಎಲ್ಲವನ್ನೂ ಖಾಲಿ ಮಾಡಿ ಜೋಡಿಸುತ್ತಿದ್ದೆ. ನನ್ನ ಗಂಡ ಮಾತ್ರ ಸ್ನಾನದ ಮನೆಯಲ್ಲಿ ನೀರು ಬಿಟ್ಟುಕೊಂಡು ಅಳುತ್ತಿದ್ದರು, ಅದು ಹೊರಗೆ ಕೇಳುತ್ತಿತ್ತು. ನಮ್ಮತ್ತೆ ನನ್ನನ್ನು 'ಕಲ್ಲು' ಎಂದು ಸಂಬಂಧಿಕರ ಮುಂದೆ ಹೇಳಿದ್ದು ನನಗೆ ಇಂದಿಗೂ ಚುಚ್ಚುತ್ತದೆ. ಕೈಗೆ ಕೆಲಸ ಕೊಟ್ಟು ದುಃಖಪಡುವವರು ಹೆಂಗಸರಲ್ಲೂ ಇದ್ದಾರೆ. ಪ್ರಕೃತಿಯ ಹೆಸರಿನಲ್ಲಿ ಗಂಡು ಹೀಗೆ, ಹೆಣ್ಣು ಹಾಗೆ ಎಂದು ಗೆರೆ ಎಳೆದರೆ ನನ್ನಂಥವರೂ ನನ್ನ ಗಂಡನಂಥವರೂ ಎಲ್ಲಿ ನಿಲ್ಲಬೇಕು?

ನಿವೃತ್ತ ಸಿಸ್ಟರ್ (ಮೈಸೂರು)

ಆರು ತಿಂಗಳ ಮಾತಿಗೆ ಒಂದು ತಿದ್ದುಪಡಿ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2005ರಲ್ಲಿ ಹಾಗೆ ಸಲಹೆ ಕೊಟ್ಟದ್ದು ನಿಜ. ಆದರೆ ಆಮೇಲೆ ಬಂದ ಅಧ್ಯಯನಗಳಲ್ಲಿ, ಬೇಗ ಬಸಿರಾದವರಿಗೆ ಅದರಿಂದ ಕೆಡುಕಾದಂತೆ ಕಂಡುಬಂದಿಲ್ಲ. ಈಗ ಬಹಳ ಡಾಕ್ಟರುಗಳು, ಮೊದಲ ಮೂರು ತಿಂಗಳೊಳಗೆ ಹೋದ ಗರ್ಭಕ್ಕೆ ಬೇರೆ ತೊಂದರೆ ಇಲ್ಲದಿದ್ದರೆ, ಒಂದು ಸರಿಯಾದ ಮುಟ್ಟು ಆಗಲಿ, ಮನಸ್ಸು ಸಿದ್ಧವಾಗಲಿ ಎನ್ನುತ್ತಾರೆ. ಮುಟ್ಟು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರದೊಳಗೆ ಮರಳುತ್ತದೆ. ಗಂಡ ಕೇಳಿದ ಪ್ರಶ್ನೆ ಮೈಯ ಲೆಕ್ಕದಲ್ಲಿ ತಪ್ಪಲ್ಲ. ಮನಸ್ಸಿನ ಲೆಕ್ಕದಲ್ಲಿ ಸರಿಯೋ ಅಲ್ಲವೋ, ಅದನ್ನು ಈ ತಂಗಿಯೇ ಹೇಳಬೇಕು.

ಶಾಲ್ಮಲೆ

ನನಗೆ ಎರಡು ಬಾರಿ ಹೀಗೆ ಆಗಿದೆ, ಎರಡನೆಯದು ಐದನೇ ತಿಂಗಳಲ್ಲಿ. ತುಂಗಾತೀರ ಅವರೇ, ನೀವು ಥೈರಾಯ್ಡ್, ಸಕ್ಕರೆ, ರಕ್ತ ಹೆಪ್ಪುಗಟ್ಟುವ ದೋಷದ ಪರೀಕ್ಷೆ, ಗಂಡಹೆಂಡಿರಿಬ್ಬರ ವರ್ಣತಂತು ಪರೀಕ್ಷೆ, ಎಲ್ಲವನ್ನೂ ತಡಮಾಡದೆ ಮಾಡಿಸಿಕೊಳ್ಳಿ. ನನಗೆ ಯಾರೂ ಮೊದಲು ಹೇಳಲಿಲ್ಲ. ಗರ್ಭಕೊರಳಿಗೆ ಹೊಲಿಗೆ ಹಾಕಿಸಬೇಕಿತ್ತೆಂದು ನನಗೆ ತಿಳಿದಾಗ ಕೈಮೀರಿತ್ತು.

ತುಂಗಾತೀರ

ಶಾಲ್ಮಲೆ ಅವರೇ, ನಿಮ್ಮ ನೋವಿನ ಮುಂದೆ ನನ್ನದು ಚಿಕ್ಕದೆನಿಸಿತು. ಆದರೆ ನಾನು ಕೇಳಿದ್ದು ಪರೀಕ್ಷೆಯ ವಿಷಯವಲ್ಲ.

ಸಿಸ್ಟರ್, ವರದಿ ನೋಡಿದೆ. ಸಿ.ಆರ್.ಎಲ್. 17 ಮಿ.ಮೀ. ಎಂದಿದೆ. ಅದರ ಕೆಳಗೆ ಎಂಟು ವಾರ ಒಂದು ದಿನ ಎಂದೂ, ಬಡಿತ ಕಾಣಲಿಲ್ಲ ಎಂದೂ ಬರೆದಿದೆ. ಒಳಗಿನಿಂದಲೇ ನೋಡಿದ್ದರು. ಇನ್ನೊಬ್ಬ ಡಾಕ್ಟರನ್ನು ಕರೆದು ತೋರಿಸಿದ್ದೂ ಈಗ ನೆನಪಿಗೆ ಬಂತು. ಅವರು ಬಂದದ್ದು ಏಕೆಂದು ಆಗ ನನಗೆ ಅರ್ಥವಾಗಿರಲಿಲ್ಲ.

ನಿವೃತ್ತ ಸಿಸ್ಟರ್ (ಮೈಸೂರು)

ಹಾಗಿದ್ದರೆ ಕೇಳು. 7 ಮಿ.ಮೀ. ಗಡಿಯಿಂದ 17 ಬಹಳ ದೂರದಲ್ಲಿದೆ, ಇಬ್ಬರು ನೋಡಿದ್ದಾರೆ, ಎರಡೂವರೆ ವಾರದ ಹಿಂದೆ ಕಂಡಿದ್ದ ಬಡಿತ ಈಗ ಇಲ್ಲ. ಇನ್ನೊಂದು ವಾರ ಕಾದಿದ್ದರೂ ಇದೇ ಕಾಣುತ್ತಿತ್ತು. ನೀವು ಯಾವ ಜೀವವನ್ನೂ ಅವಸರದಲ್ಲಿ ಕಳೆಯಲಿಲ್ಲ. ಅದು ನೀವು ಆಸ್ಪತ್ರೆಯ ಬಾಗಿಲಿಗೆ ಹೋಗುವ ಒಂದು ವಾರದ ಹಿಂದೆಯೇ ನಿಂತಿತ್ತು.

ಆದರೆ ಕಾಯುವುದಕ್ಕೆ ನಿನಗೆ ಹಕ್ಕಿತ್ತು ಎಂಬುದೂ ನಿಜ. ಜ್ವರ, ವಿಪರೀತ ರಕ್ತಸ್ರಾವ ಇಲ್ಲದಿದ್ದರೆ ಒಂದೆರಡು ದಿನ ಮನೆಗೆ ಹೋಗಿ ಅತ್ತು, ಯೋಚಿಸಿ ಬನ್ನಿ ಎಂದು ಹೇಳಬಹುದಿತ್ತು. ಹೇಳಬೇಕಿತ್ತು ಎಂದೇ ನನ್ನ ಅಭಿಪ್ರಾಯ. ನಮ್ಮ ಆಸ್ಪತ್ರೆಗಳಲ್ಲಿ ಓ.ಟಿ. ಖಾಲಿ ಇರುವ ವೇಳೆಯನ್ನು ನೋಡುತ್ತಾರೆಯೇ ಹೊರತು ಆ ಹೆಣ್ಣಿಗೆ ವಿಷಯ ಮನಸ್ಸಿಗಿಳಿಯಿತೇ ಎಂಬುದನ್ನು ನೋಡುವುದಿಲ್ಲ. ನಿನ್ನ ಮನಸ್ಸು ಅವಸರ ಎಂದು ಕೂಗುತ್ತಿರುವುದು ಮಗುವಿನ ವಿಷಯಕ್ಕಲ್ಲ, ನಿನಗೆ ಸಿಗದೇ ಹೋದ ಆ ಎರಡು ದಿನಗಳಿಗಾಗಿ ಇರಬಹುದು.

ಪರೀಕ್ಷೆಗಳ ವಿಷಯದಲ್ಲಿ ಶಾಲ್ಮಲೆ ಹೇಳಿದ್ದು ಅವರ ಪರಿಸ್ಥಿತಿಗೆ ಸರಿ, ಪದೇಪದೇ ಆದವರಿಗೂ ತಿಂಗಳು ಬೆಳೆದ ಮೇಲೆ ಹೋದವರಿಗೂ ಅವು ಬೇಕು. ಒಂದೇ ಬಾರಿ, ಅದೂ ಮೊದಲ ಮೂರು ತಿಂಗಳಲ್ಲಿ ಹೋದದ್ದಕ್ಕೆ ಅರ್ಧಕ್ಕೂ ಹೆಚ್ಚು ಸಂದರ್ಭಗಳಲ್ಲಿ ಕಾರಣ ವರ್ಣತಂತುಗಳ ಲೆಕ್ಕ ತಪ್ಪಿರುವುದು. ಅದು ಗರ್ಭ ಕಟ್ಟುವ ಹೊತ್ತಿಗೇ ತೀರ್ಮಾನವಾಗಿರುತ್ತದೆ. ಪರಂಗಿ ಹಣ್ಣು, ಸ್ಕೂಟರ್, ಗ್ರಹಣ ಎಂದು ಯಾರಾದರೂ ಕಾರಣ ಹುಡುಕಿಕೊಂಡು ಬಂದರೆ ಒಳಗೆ ಬಿಟ್ಟುಕೊಳ್ಳಬೇಡ.

ಜಯನಗರದ ಅಪ್ಪ

ಇಲ್ಲಿ ಗಂಡನ ಕಡೆಯ ಮಾತು ಒಬ್ಬರಾದರೂ ಬರೆಯಬೇಕೆಂದು ಬರೆಯುತ್ತಿದ್ದೇನೆ. ನಮಗೂ ಹೀಗೆಯೇ ಆಗಿತ್ತು, ನಮ್ಮದು ಹನ್ನೊಂದನೇ ವಾರ. ನನ್ನ ಹೆಂಡತಿ ಮಾತ್ರೆಯ ದಾರಿ ಆರಿಸಿಕೊಂಡಿದ್ದಳು. ಆ ರಾತ್ರಿ ಅವಳಿಗೆ ಹೋದ ರಕ್ತವನ್ನು ನಾನು ನೋಡಿದೆ. ಪ್ಯಾಡ್ ಎಷ್ಟು ಹೊತ್ತಿಗೆ ತುಂಬುತ್ತಿದೆಯೆಂದು ಗಡಿಯಾರ ನೋಡಿ ಚೀಟಿಯಲ್ಲಿ ಬರೆಯುತ್ತಿದ್ದೆ, ಏಕೆಂದರೆ ಗಂಟೆಗೆ ಎರಡರಂತೆ ಎರಡು ಗಂಟೆ ತುಂಬಿದರೆ ತಕ್ಷಣ ಕರೆತನ್ನಿ ಎಂದು ಡಾಕ್ಟರು ಹೇಳಿದ್ದರು. ಆ ರಾತ್ರಿ ನನ್ನ ತಲೆಯಲ್ಲಿ ಮಗು ಇರಲೇ ಇಲ್ಲ. ಇವಳು ಉಳಿಯುತ್ತಾಳೋ ಇಲ್ಲವೋ ಎಂಬುದೊಂದೇ ಇತ್ತು. ಬೆಳಗಾದ ಮೇಲೆ ಅವಳು ಬದುಕಿದ್ದಾಳೆಂಬ ಸಮಾಧಾನ ಎಷ್ಟು ದೊಡ್ಡದಾಗಿತ್ತೆಂದರೆ ಅದರ ಪಕ್ಕದಲ್ಲಿ ದುಃಖಕ್ಕೆ ಜಾಗವೇ ಇರಲಿಲ್ಲ. ಅವಳಿಗೆ ನನ್ನ ಮುಖದಲ್ಲಿ ಕಂಡದ್ದು ಆ ಸಮಾಧಾನ.

ನನಗೆ ಅಳು ಬಂದದ್ದು ತಿಂಗಳುಗಳಾದ ಮೇಲೆ, ನನ್ನ ತಮ್ಮನ ಹೆಂಡತಿಯ ಸೀಮಂತದ ದಿನ. ಎಲ್ಲರೂ ಮಡಿಲು ತುಂಬುತ್ತಿದ್ದಾಗ ನಾನು ಛತ್ರದ ಹಿಂದಿನ ಪಾತ್ರೆ ತೊಳೆಯುವ ಜಾಗಕ್ಕೆ ಹೋಗಿ ನಿಂತೆ. ಅಷ್ಟು ಹೊತ್ತಿಗೆ ನನ್ನ ಹೆಂಡತಿ ಒಂದು ಹಂತಕ್ಕೆ ಚೇತರಿಸಿಕೊಂಡಿದ್ದಳು. ಈಗ ಹೇಳಿ ಅವಳ ಗಾಯ ಕೆದಕುವುದೇಕೆ ಎಂದು ಸುಮ್ಮನಾದೆ. ಆಸ್ಪತ್ರೆಯಲ್ಲಿ, ಕಚೇರಿಯಲ್ಲಿ, ನಮ್ಮ ಮನೆಯಲ್ಲಿ ಎಲ್ಲರೂ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, 'ಹೆಂಡತಿ ಹೇಗಿದ್ದಾರೆ?' ಅದು ಕೇಳಲೇಬೇಕಾದ ಪ್ರಶ್ನೆ, ಆದರೆ ಅದರ ನಂತರ ಯಾರೂ ಇನ್ನೊಂದನ್ನು ಕೇಳಲಿಲ್ಲ.

ನಿಮ್ಮ ಮನೆಯವರು ಡಾಕ್ಟರಿಗೆ ಕೇಳಿದ ಮೊದಲ ಪ್ರಶ್ನೆಯನ್ನು ನೀವೇ ಬರೆದಿದ್ದೀರಿ. ಅದನ್ನು ಇನ್ನೊಮ್ಮೆ ಓದಿ.

ತುಂಗಾತೀರ

ಓದಿದೆ. ನಾನು ಅದನ್ನು ಅವರ ಮೇಲಿನ ದೂರೆಂದು ಬರೆದಿದ್ದೆ.

ಗೋಕರ್ಣ ಸೀಮೆಯವ

ಹಿರಿಯನಾಗಿ ಒಂದು ಮಾತು ಹೇಳುತ್ತೇನೆ. ಶಾಸ್ತ್ರದಲ್ಲಿ ನಾಲ್ಕು ತಿಂಗಳೊಳಗೆ ಹೋದದ್ದು ಗರ್ಭಸ್ರಾವ, ಐದು ಆರನೇ ತಿಂಗಳಲ್ಲಿ ಹೋದದ್ದು ಗರ್ಭಪಾತ. ಸ್ರಾವವಾದರೆ ತಾಯಿಗೆ ಎಷ್ಟು ತಿಂಗಳೋ ಅಷ್ಟು ರಾತ್ರಿಯ ಆಶೌಚವೆಂದು ಮನುಸ್ಮೃತಿಯಲ್ಲೇ ಇದೆ. ತಂದೆಗೆ ಸ್ನಾನದಿಂದಲೇ ಶುದ್ಧಿಯೆಂದು ನಮ್ಮ ಕಡೆಯ ಪುರೋಹಿತರು ಹೇಳುತ್ತಾರೆ. ಶ್ರಾದ್ಧಾದಿ ಕರ್ಮಗಳಿಲ್ಲ. ಹಿಂದಿನವರು ಇದನ್ನು ದೀರ್ಘ ಶೋಕದ ವಿಷಯವಾಗಿ ಇಟ್ಟಿರಲಿಲ್ಲ. ನೀವಿಬ್ಬರೂ ಅದನ್ನು ಮನಸ್ಸಿಗೆ ತಂದುಕೊಂಡು ಹಗುರಾಗಿ.

ಆಪ್ತಸಮಾಲೋಚಕಿ (ಧಾರವಾಡ)

ಹಿರಿಯರ ಮಾತಿಗೆ ಗೌರವವಿಟ್ಟೇ ಬರೆಯುತ್ತೇನೆ. ಅದು ಮೈಲಿಗೆಯ ಲೆಕ್ಕವೇ ಹೊರತು ದುಃಖದ ಲೆಕ್ಕವಲ್ಲ. ಆದರೆ ನೀವು ಹೇಳಿದ ವಿಷಯದಿಂದಲೇ ಒಂದು ಸಂಗತಿ ಸ್ಪಷ್ಟವಾಗುತ್ತದೆ. ನಮ್ಮಲ್ಲಿ ಸಾವಾದರೆ ಜನ ಬರುತ್ತಾರೆ, ಒಲೆ ಹೊತ್ತಿಸದ ಮನೆಗೆ ನೆರೆಯವರು ಊಟ ತರುತ್ತಾರೆ, ಹನ್ನೊಂದು ಹದಿಮೂರು ದಿನ ಗಂಡನೂ ಹೆಂಡತಿಯೂ ಏನು ಮಾಡಬೇಕು, ಎಲ್ಲಿ ಕೂರಬೇಕು ಎಂಬುದೆಲ್ಲ ಗೊತ್ತುಪಡಿಸಿದ್ದು ಇರುತ್ತದೆ. ಇಲ್ಲಿ ತಂದೆಯ ಪಾಲಿಗೆ ಒಂದು ಸ್ನಾನ, ಅಷ್ಟೇ. ಸ್ನಾನ ಮುಗಿಸಿ ಹೊರಬಂದವನು ಆಮೇಲೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿಲ್ಲ. ಅದರ ಮೇಲೆ, ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದೆಂಬ ರೂಢಿಯಿಂದಾಗಿ, ಬಸಿರಾದದ್ದೇ ತಿಳಿಯದ ಜನ ಸಾಂತ್ವನ ಹೇಳುವುದು ಹೇಗೆ? ಸಮಾಜ ಒಪ್ಪಿಕೊಳ್ಳದ ಇಂಥ ಶೋಕದ ಬಗ್ಗೆ ಅಮೆರಿಕದ ಕೆನೆತ್ ಡೋಕಾ 1980ರ ದಶಕದಲ್ಲೇ ಬರೆದಿದ್ದಾರೆ. ಡೋಕಾ ಅವರೇ ಟೆರಿ ಮಾರ್ಟಿನ್ ಜೊತೆ ಸೇರಿ, ಭಾವನೆಯ ಮೂಲಕ ಶೋಕಿಸುವವರು ಮತ್ತು ಕೆಲಸದ ಮೂಲಕ ಶೋಕಿಸುವವರು ಎಂಬ ಎರಡು ಬಗೆಯನ್ನೂ ಗುರುತಿಸಿದರು. ಗಂಡಸರಲ್ಲಿ ಎರಡನೆಯದು ಹೆಚ್ಚು ಕಾಣಬಹುದು, ಆದರೆ ಅದು ಗಂಡುತನದ ಲಕ್ಷಣವಲ್ಲವೆಂದೂ ಅವರೇ ಹೇಳುತ್ತಾರೆ. ಕೋರಮಂಗಲದಿಂದ ಬರೆದವರಿಗೆ ಇದರಿಂದ ಸ್ವಲ್ಪ ನೆಮ್ಮದಿ ಸಿಗಬಹುದು.

ತುಂಗಾತೀರ ಅವರ ಮನೆಯ ವಿಷಯಕ್ಕೆ ಬರುತ್ತೇನೆ. ದುಃಖದಲ್ಲಿರುವ ಮನುಷ್ಯ ಒಂದು ಹೊತ್ತು ಕಳೆದುಕೊಂಡದ್ದರ ಕಡೆಗೆ ವಾಲುತ್ತಾನೆ, ಇನ್ನೊಂದು ಹೊತ್ತು ಮುಂದಿನ ಬದುಕಿನ ಕಡೆಗೆ. ಎರಡೂ ಬೇಕು. ಗಂಡಹೆಂಡಿರಲ್ಲಿ ತೊಂದರೆ ಶುರುವಾಗುವುದು, ಒಬ್ಬರು ಯಾವಾಗಲೂ ಒಂದೇ ಕಡೆ, ಇನ್ನೊಬ್ಬರು ಯಾವಾಗಲೂ ಇನ್ನೊಂದೇ ಕಡೆ ನಿಂತುಬಿಟ್ಟಾಗ. ಅದು ತನ್ನಿಂದ ತಾನೇ ಬಿಗಿಯಾಗುತ್ತ ಹೋಗುತ್ತದೆ. ಹೆಂಡತಿ ಅತ್ತಷ್ಟೂ ಗಂಡ, ತಾನೂ ಕುಸಿದರೆ ಮನೆ ನಿಲ್ಲುವುದಿಲ್ಲವೆಂದು ಗಟ್ಟಿಯಾಗುತ್ತಾನೆ. ಅವನು ಗಟ್ಟಿಯಾದಷ್ಟೂ ಹೆಂಡತಿ, ಈ ಮಗುವಿಗೆ ಅಳುವವಳು ತಾನೊಬ್ಬಳೇ ಎಂದು ಇಬ್ಬರ ಪಾಲಿನದ್ದನ್ನೂ ಅಳುತ್ತಾಳೆ. ನನ್ನ ಬಳಿ ಬರುವ ಜೋಡಿಗಳಲ್ಲಿ ಅನೇಕರಿಗೆ, ಯಾವ ಮಾತನ್ನು ಯಾರು ಯಾರಿಗಾಗಿ ನುಂಗಿಕೊಂಡರೆಂದು ಒಂದೇ ಕೋಣೆಯಲ್ಲಿ ಕೇಳಿದಾಗ ಇಬ್ಬರಿಗೂ ಆಶ್ಚರ್ಯವಾಗುತ್ತದೆ.

ನಾನು ಅವರಿಗೆ ಹೇಳುವುದು ಬಹಳ ಸಣ್ಣ ಕೆಲಸ. 'ನಿಮಗೆ ದುಃಖವಿಲ್ಲವೇ?' ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಯಾರಿಂದಲೂ ಆಗದು, ಅದು ಆರೋಪದಂತೆ ಕೇಳುತ್ತದೆ. ಅದರ ಬದಲು ಆ ದಿನದ ಒಂದು ನಿರ್ದಿಷ್ಟ ಸಂಗತಿಯನ್ನು ಹಿಡಿದು ಕೇಳಿ. ನಿಮ್ಮ ಮನೆಯಲ್ಲಿ ಅದು ಆ ಮಾತ್ರೆಯ ಪಟ್ಟಿ ಆಗಬಹುದು. 'ಅದನ್ನು ತೆಗೆದಿಟ್ಟಾಗ ನಿಮ್ಮ ಮನಸ್ಸಿನಲ್ಲಿ ಏನಿತ್ತು?' ಎಂದು ಕೇಳಿ, ಅವರು ಹೇಳಿ ಮುಗಿಸುವವರೆಗೆ ನಡುವೆ ಮಾತನಾಡಬೇಡಿ. ಎದುರುಬದುರು ಕುಳಿತು ಮಾತನಾಡಲಾಗದವರು ನಡೆಯುತ್ತಲೋ ಬೈಕಿನಲ್ಲೋ ಮಾತನಾಡುತ್ತಾರೆ. ಹದಿನೈದು ಇಪ್ಪತ್ತು ನಿಮಿಷಕ್ಕಿಂತ ಎಳೆಯಬೇಡಿ.

ರೆಡಿಂಗ್ ಕನ್ನಡತಿ (ಇಂಗ್ಲೆಂಡ್)

ಇಲ್ಲಿಯ ಅನುಭವವನ್ನು ಸೇರಿಸುತ್ತೇನೆ. ನನ್ನ ಸ್ಕ್ಯಾನಿಂಗ್‌ನಲ್ಲಿ ಅಳತೆ 5 ಮಿ.ಮೀ. ಇದ್ದುದರಿಂದ ಒಂದು ವಾರ ಬಿಟ್ಟು ಬನ್ನಿ ಎಂದರು. ಆ ವಾರವಿಡೀ ನಮ್ಮಿಬ್ಬರ ಲೆಕ್ಕಾಚಾರ ಬೇರೆಬೇರೆಯಾಗಿತ್ತು. ನಾನು ಮುಗಿದೇ ಹೋಯಿತೆಂದು ಅತ್ತುಬಿಟ್ಟಿದ್ದೆ, ನನ್ನ ಗಂಡ ಕೊನೆಯ ಗಳಿಗೆಯವರೆಗೆ ನಂಬಿಕೆ ಇಟ್ಟುಕೊಂಡಿದ್ದರು. ಹಾಗಾಗಿ ಎರಡನೇ ಸ್ಕ್ಯಾನ್ ಆದಾಗ ನನ್ನ ಪಾಲಿಗೆ ಅದು ಹಳೆಯ ಸುದ್ದಿ, ಅವರ ಪಾಲಿಗೆ ಹೊಸದು. ಕಾಯುವುದೇ ಮೇಲು ಎಂದು ಯಾರೂ ತಿಳಿಯಬೇಡಿ. ಕಾಯುವುದಕ್ಕೂ ಅದರದೇ ಆದ ಹಿಂಸೆಯಿದೆ.

ಇನ್ನೊಂದು ಸಂಗತಿ. ಇಂಗ್ಲೆಂಡಿನಲ್ಲಿ 2024ರ ಫೆಬ್ರವರಿಯಿಂದ, 24 ವಾರದೊಳಗೆ ಗರ್ಭ ಕಳೆದುಕೊಂಡವರು ಕೇಳಿದರೆ ಸರ್ಕಾರ ಒಂದು ಪ್ರಮಾಣಪತ್ರ ಕೊಡುತ್ತದೆ. ಅದಕ್ಕೆ ತಂದೆಯೂ ಅರ್ಜಿ ಹಾಕಬಹುದು. ಕಾನೂನಿನ ದೃಷ್ಟಿಯಲ್ಲಿ ಅದಕ್ಕೆ ಬೆಲೆಯಿಲ್ಲ. ನನಗೆ ಬೇಕೆನಿಸಲಿಲ್ಲ, ಬೇಕೆಂದು ಅರ್ಜಿ ಹಾಕಿದವರು ನನ್ನ ಗಂಡ. ತಂದೆ ಎಂಬ ಶಬ್ದದ ಎದುರು ಅವರ ಹೆಸರಿರುವ ಒಂದೇ ಒಂದು ಕಾಗದ ಅದು ಎಂದು ಆಮೇಲೆ ಹೇಳಿದರು.

ಕಡಲೂರಿನವ (ಕುಂದಾಪುರ)

ಎಲ್ಲರ ಮಾತನ್ನೂ ಓದಿದೆ. ಗಂಡಸರೂ ನೋಯುತ್ತಾರೆ ಎಂಬುದನ್ನು ನಾನು ಅಲ್ಲಗಳೆದಿಲ್ಲ. ಆದರೆ ಪ್ರತಿಯೊಬ್ಬರನ್ನೂ ಕೂರಿಸಿ ಮಾತನಾಡಿಸಲೇಬೇಕೆಂಬುದನ್ನು ಈಗಲೂ ಒಪ್ಪಲಾರೆ. ಮಾತನಾಡದೆಯೇ ಗುಣವಾದವರನ್ನೂ ನಾನು ಬಲ್ಲೆ. ಎಲ್ಲಿಯವರೆಗೆ ಬಿಡಬಹುದು, ಎಲ್ಲಿಂದಾಚೆಗೆ ಬಿಡಬಾರದು ಎಂದು ತಿಳಿಯುವುದು ಹೇಗೆ?

ಆಪ್ತಸಮಾಲೋಚಕಿ (ಧಾರವಾಡ)

ಒಳ್ಳೆಯ ಪ್ರಶ್ನೆ. ಮಾತನಾಡದೆ ಗುಣವಾಗುವವರು ಖಂಡಿತ ಇದ್ದಾರೆ, ಅವರನ್ನು ಒತ್ತಾಯಿಸಬಾರದು. ನಾನು ನೋಡುವುದು ಅಳುವನ್ನಲ್ಲ, ದಿನಚರಿಯನ್ನು. ಒಂದು ತಿಂಗಳು ಕಳೆದ ಮೇಲೂ ಆ ಸ್ಕ್ಯಾನಿಂಗ್ ಕೋಣೆ ಬೇಡವೆಂದರೂ ಕಣ್ಣಮುಂದೆ ಬಂದು ನಿಲ್ಲುತ್ತಿದ್ದರೆ, ಆ ಆಸ್ಪತ್ರೆಯ ರಸ್ತೆಯನ್ನೇ ತಪ್ಪಿಸಿಕೊಂಡು ಓಡಾಡುತ್ತಿದ್ದರೆ, ಸಣ್ಣ ಸದ್ದಿಗೂ ಬೆಚ್ಚುತ್ತ ನಿದ್ದೆ ಕೆಡುತ್ತಿದ್ದರೆ, ಅದು ಆಘಾತದ ಲಕ್ಷಣವೇ ಹೊರತು ಬರೀ ದುಃಖವಲ್ಲ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರಂಭದಲ್ಲೇ ಗರ್ಭ ಕಳೆದುಕೊಂಡ ಹೆಂಗಸರ ಪೈಕಿ ಶೇಕಡಾ 29ರಷ್ಟು ಮಂದಿಯಲ್ಲಿ ಒಂದು ತಿಂಗಳಿಗೆ ಇಂಥ ಲಕ್ಷಣಗಳಿದ್ದವು, ಒಂಬತ್ತು ತಿಂಗಳಾದರೂ ಶೇಕಡಾ 18ರಷ್ಟು ಮಂದಿಯಲ್ಲಿ ಉಳಿದಿದ್ದವು. ಸಂಗಾತಿಗಳಲ್ಲಿ ಅದು ಕಡಿಮೆ, ಆದರೆ ಇಲ್ಲವೆನ್ನುವಂತಿರಲಿಲ್ಲ. ಗಂಡಸರಲ್ಲಿ ಇದು ಸಿಡುಕಾಗಿ, ಕುಡಿತವಾಗಿ, ರಾತ್ರಿ ಹತ್ತಕ್ಕೆ ಮುನ್ನ ಮನೆಗೆ ಬಾರದ ಕೆಲಸವಾಗಿ ಕಾಣಿಸಿಕೊಳ್ಳುವುದರಿಂದ ಯಾರೂ ಇದರ ಹೆಸರು ಹಿಡಿದು ಹೇಳುವುದಿಲ್ಲ.

ಸಾಯಬೇಕೆನ್ನುವ ಮಾತು ಯಾರ ಬಾಯಿಂದ ಬಂದರೂ ಅಂದೇ ಸಹಾಯ ಪಡೆಯಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಗಂಡಸರೂ ಕರೆ ಮಾಡಬಹುದೆಂದು ಬಿಡಿಸಿ ಹೇಳುತ್ತಿದ್ದೇನೆ, ಏಕೆಂದರೆ ಇದು ಹೆಂಗಸರ ವಿಷಯವೆಂದು ಅನೇಕರು ಹಿಂಜರಿಯುತ್ತಾರೆ.

ತುಂಗಾತೀರ

ನಿನ್ನೆ ಗಾಜನೂರಿನ ಕಡೆ ಬೈಕಿನಲ್ಲಿ ಹೋಗುವಾಗ ಮಾತ್ರೆಯ ವಿಷಯ ಕೇಳಿದೆ. ಬಹಳ ಹೊತ್ತು ಉತ್ತರವಿರಲಿಲ್ಲ. ಆಮೇಲೆ, 'ನೀನು ಬೆಳಿಗ್ಗೆ ಕಾಫಿ ಮಾಡುವಾಗ ದಿನಾ ಅದು ನಿನ್ನ ಕಣ್ಣಿಗೆ ಬೀಳುತ್ತಿತ್ತು, ಅದಕ್ಕೇ ತೆಗೆದೆ. ಬಿಸಾಡಲು ಆಗಲಿಲ್ಲ, ನನ್ನ ಆಫೀಸಿನ ಬ್ಯಾಗಿನಲ್ಲಿದೆ' ಎಂದರು. ಇನ್ನೇನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆದರೆ ಎಲ್ಲವೂ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಮುಂದಿನ ಬಾರಿಯ ವಿಷಯದಲ್ಲಿ ಇಬ್ಬರದೂ ಈಗಲೂ ಎರಡು ದಿಕ್ಕು. ಇನ್ನೊಂದು ಮಗುವಿನ ಮಾತಾಡಿದರೆ ನನಗೆ ಧೈರ್ಯ ಬರುತ್ತದೆಂದು ಅವರು ತಿಳಿದಿದ್ದರಂತೆ. ಆ ಮಾತು ಕೇಳಿದರೆ ಹೋದದ್ದನ್ನು ಅಳಿಸಿ ಅದರ ಮೇಲೆ ಬರೆದಂತೆ ನನಗೆ ತೋರುತ್ತದೆ. ಡಾಕ್ಟರು ಕೊಟ್ಟಿದ್ದ ಹೆರಿಗೆ ದಿನಾಂಕ ದೀಪಾವಳಿಯ ಹತ್ತಿರವಿತ್ತು. ಆ ದಿನ ಏನಾದರೂ ಮಾಡಬೇಕೆಂದು ನನ್ನ ಆಸೆ, ಆ ದಿನ ಬಂದದ್ದೂ ಗೊತ್ತಾಗದಂತೆ ಹೋಗಲಿ ಎಂಬುದು ಅವರ ಆಸೆ. ಇದಕ್ಕೆ ಏನು ಮಾಡಬೇಕೆಂದು ತಿಳಿಯುತ್ತಿಲ್ಲ.

ಇನ್ನೊಂದು ಕೇಳಬೇಕಿತ್ತು. ನಾನು ಖಾಸಗಿ ಕಂಪನಿಯಲ್ಲಿದ್ದೇನೆ. ಒಂದು ವಾರ ಸಿಕ್ ಲೀವ್ ಹಾಕಿದ್ದೆ, ಉಳಿದದ್ದು ಸಂಬಳವಿಲ್ಲದ ರಜೆಯಾಗಿದೆ.

ನಿವೃತ್ತ ಸಿಸ್ಟರ್ (ಮೈಸೂರು)

ಸಂಬಳವಿಲ್ಲದ ರಜೆ ಏಕೆ? ಗರ್ಭ ಹೋದವರಿಗೆ ಮರುದಿನದಿಂದ ಆರು ವಾರ ಸಂಬಳಸಹಿತ ರಜೆ 1961ರ ಹೆರಿಗೆ ಸೌಲಭ್ಯ ಕಾಯ್ದೆಯಿಂದಲೇ ಇದೆ, 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿಸಿಕೊಂಡಿದ್ದಾರೆ. ಹತ್ತು ಮತ್ತು ಹೆಚ್ಚು ಜನರಿರುವ ಸಂಸ್ಥೆಯಾಗಿರಬೇಕು, ಹಿಂದಿನ ಹನ್ನೆರಡು ತಿಂಗಳಲ್ಲಿ ನೀನು 80 ದಿನ ಕೆಲಸ ಮಾಡಿರಬೇಕು, ಅಷ್ಟೇ. ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿಯ ಪ್ರತಿ ಲಗತ್ತಿಸಿ ಎಚ್.ಆರ್.ಗೆ ಬರವಣಿಗೆಯಲ್ಲಿ ಕೊಡು. ಆ ಕಾಗದದಲ್ಲಿ 'ಮಿಸ್ಡ್ ಅಬಾರ್ಷನ್' ಎಂದಿರುತ್ತದೆ, ಹೊಟ್ಟೆಯೊಳಗೆ ತಾನಾಗಿ ನಿಂತ ಗರ್ಭಕ್ಕೆ ಡಾಕ್ಟರುಗಳು ಇಟ್ಟ ಹೆಸರು ಅದು, ಅದನ್ನು ಓದಿ ಯಾರಾದರೂ ನೀವೇ ತೆಗೆಸಿಕೊಂಡದ್ದಲ್ಲವೇ ಎಂದು ಕೇಳಿದರೆ ಡಾಕ್ಟರಿಂದ ಒಂದು ಸಾಲು ವಿವರಣೆ ಬರೆಸಿಕೋ. ನಿನ್ನ ಗಂಡನಿಗೆ ಈ ಕಾನೂನಿನಲ್ಲಿ ಒಂದು ದಿನದ ರಜೆಯೂ ಇಲ್ಲ. ಬೇಗ ಕೆಲಸಕ್ಕೆ ಹೋದರೆಂದು ಬರೆದಿದ್ದೆಯಲ್ಲ, ಅವರಿಗೆ ರಜೆ ಉಳಿದಿತ್ತೋ ಇಲ್ಲವೋ, ಅದನ್ನೂ ಒಮ್ಮೆ ವಿಚಾರಿಸು.

ಆ ಫೋಲಿಕ್ ಆಸಿಡ್ ಮಾತ್ರೆಯನ್ನು, ಎಂದಾದರೂ ಮತ್ತೆ ಪ್ರಯತ್ನಿಸುವ ಮನಸ್ಸಾದರೆ, ಬಸಿರಾಗುವ ಮೊದಲೇ ಶುರುಮಾಡಬೇಕು. ಯಾವಾಗ ಎಂಬುದು ನೀವಿಬ್ಬರೂ ಒಪ್ಪಿದ ದಿನಕ್ಕೆ ಬಿಟ್ಟದ್ದು.

ಜಯನಗರದ ಅಪ್ಪ

ಆ ದಿನಾಂಕದ ವಿಷಯಕ್ಕೆ: ನಮ್ಮ ಮನೆಯಲ್ಲೂ ಅದು ತೀರ್ಮಾನವಾಗಲಿಲ್ಲ. ಆ ದಿನ ಅವಳು ಅವಳ ತಂಗಿಯ ಜೊತೆ ದೇವಸ್ಥಾನಕ್ಕೆ ಹೋಗಿ ಬಂದಳು, ನಾನು ಮನೆಯಲ್ಲೇ ಉಳಿದೆ. ಸಂಜೆ ಪ್ರಸಾದ ಕೊಟ್ಟಾಗ ತೆಗೆದುಕೊಂಡೆ. ಜೊತೆಗೇ ಹೋಗಬೇಕಿತ್ತೆಂದು ಅವಳು ಈಗಲೂ ಹೇಳುತ್ತಾಳೆ. ನನಗೆ ಹಾಗೆ ಅನಿಸುವುದಿಲ್ಲ.

ಆಪ್ತಸಮಾಲೋಚಕಿ (ಧಾರವಾಡ)

ಇಬ್ಬರೂ ಒಂದೇ ರೀತಿ ಆ ದಿನವನ್ನು ಕಳೆಯಲೇಬೇಕೆಂದಿಲ್ಲ. ಆದರೆ ತುಂಗಾತೀರ ಅವರೇ, ದೀಪಾವಳಿಯ ವಾರದಲ್ಲಿ ಮನೆ ತುಂಬ ನೆಂಟರಿರುವಾಗ ಈ ಮಾತು ಮೇಲೇಳದಂತೆ, ಅದಕ್ಕೆ ಮುಂಚೆಯೇ, 'ಆ ದಿನ ನನಗೆ ಇಂತಿಷ್ಟು ಬೇಕು, ನಿಮಗೆ ಎಷ್ಟು ಸಾಧ್ಯ?' ಎಂದು ಕೇಳಿಟ್ಟುಕೊಳ್ಳಿ. ಅತ್ತೆಯವರಿಗೆ ಹೇಳಬೇಕೋ ಬೇಡವೋ ಎಂಬುದನ್ನೂ ಆಗಲೇ ನಿರ್ಧರಿಸಿ. ಒಮ್ಮೆ ಇಬ್ಬರೂ ಸೇರಿ ಆಪ್ತಸಮಾಲೋಚಕರನ್ನು ಕಾಣುವ ಮನಸ್ಸಿದ್ದರೆ ಶಿವಮೊಗ್ಗದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ವಿಚಾರಿಸಿ. ಅವರು ಬರಲು ಒಪ್ಪದಿದ್ದರೆ ಮೊದಲ ಸಲ ನೀವೊಬ್ಬರೇ ಹೋಗಿ ಬನ್ನಿ.